ಸ್ಟೀರಾಯ್ಡ್ ಮುಲಾಮು ಮುಖಕ್ಕೆ, ಸಂದಿಗೆ, ಮಗುವಿಗೆ: ಯಾವುದು, ಎಷ್ಟು, ಎಷ್ಟು ದಿನ

"ತೆಳುವಾಗಿ ಹಚ್ಚಿ ಅಂತ ಬರೆದಿದೆ ಡಾಕ್ಟ್ರೇ, ತೆಳು ಅಂದ್ರೆ ಎಷ್ಟು?" ಚರ್ಮದ ಕಾಯಿಲೆಗಳ ಬಗ್ಗೆ ಬರೆಯಲು ಶುರುಮಾಡಿದಾಗಿನಿಂದ ಓದುಗರಿಂದ ನನಗೆ ಬರುವ ಪ್ರಶ್ನೆಗಳಲ್ಲಿ ಹೆಚ್ಚಿನವು ಸುತ್ತಿ ಬಳಸಿ ಇಲ್ಲಿಗೇ ಬಂದು ನಿಲ್ಲುತ್ತವೆ. ಕೇಳುವವರಲ್ಲಿ ಎರಡು ಬಗೆ. ಸ್ಟೀರಾಯ್ಡ್ ಎಂಬ ಹೆಸರಿಗೇ ಹೆದರಿ, ಮಗು ರಾತ್ರಿಯಿಡೀ ಕೆರೆದುಕೊಂಡು ಅಳುತ್ತಿದ್ದರೂ ಸಾಸಿವೆ ಕಾಳಿನಷ್ಟು ಮುಲಾಮನ್ನು ಎರಡು ಮೊಣಕೈಗೂ ಸವರಿ ಸುಮ್ಮನಾಗುವ ತಾಯಂದಿರು ಒಂದು ಕಡೆ. ಮೆಡಿಕಲ್ ಶಾಪಿನವರು ಕೊಟ್ಟ ಟ್ಯೂಬನ್ನು ಮುಖ ಬೆಳ್ಳಗಾಗುತ್ತದೆಂದು ವರ್ಷಗಟ್ಟಲೆ ದಿನವೂ ಹಚ್ಚಿಕೊಂಡವರು ಇನ್ನೊಂದು ಕಡೆ. ಎರಡೂ ಕಡೆ ಕೊರತೆ ಒಂದೇ: ಯಾವ ಮುಲಾಮನ್ನು, ಮೈಯ ಯಾವ ಜಾಗಕ್ಕೆ, ಎಷ್ಟು ಹಚ್ಚಬೇಕೆಂದು ಯಾರೂ ಅಳತೆ ಕೊಟ್ಟು ಹೇಳಿಲ್ಲ.

ಈ ಲೇಖನ ವೈದ್ಯರ ಚೀಟಿಗೆ ಬದಲಿಯಲ್ಲ. ವೈದ್ಯರು ಬರೆದುಕೊಟ್ಟದ್ದನ್ನು ಮನೆಯಲ್ಲಿ ಸರಿಯಾಗಿ ಬಳಸುವುದಕ್ಕೆ, ಚೀಟಿಯಿಲ್ಲದೆ ಕೈಗೆ ಬಂದ ಟ್ಯೂಬನ್ನು ಗುರುತಿಸಿ ಪಕ್ಕಕ್ಕಿಡುವುದಕ್ಕೆ ಇದು ಸಹಾಯ. ಬೇಕಾಗುವುದು ಮೂರೇ: ಟ್ಯೂಬು, ನಿಮ್ಮ ತೋರುಬೆರಳು, ನಿಮ್ಮ ಅಂಗೈ. ಒಳ್ಳೆಯ ಬೆಳಕಿದ್ದರೆ ಇನ್ನೂ ಉತ್ತಮ, ಟ್ಯೂಬಿನ ಮೇಲಿನ ಅಕ್ಷರ ಬಹಳ ಸಣ್ಣದಾಗಿರುತ್ತದೆ.

1. ಮೊದಲು ಟ್ಯೂಬನ್ನು ಓದಿ

ಮುಂಭಾಗದಲ್ಲಿ ದೊಡ್ಡದಾಗಿರುವ ಕಂಪನಿಯ ಹೆಸರನ್ನು ಬಿಡಿ. ಅದರ ಕೆಳಗೋ ಹಿಂದೆಯೋ ಸಣ್ಣ ಅಕ್ಷರದಲ್ಲಿ ಔಷಧದ ನಿಜವಾದ ಹೆಸರಿರುತ್ತದೆ. ಅದನ್ನು ಹುಡುಕಿ. ಸ್ಟೀರಾಯ್ಡ್ ಮುಲಾಮುಗಳನ್ನು ಬಲದ ಮೇಲೆ ಸ್ಥೂಲವಾಗಿ ನಾಲ್ಕು ಮೆಟ್ಟಿಲಾಗಿ ವಿಂಗಡಿಸುತ್ತಾರೆ. ಕೆಳಗಿನ ಮೆಟ್ಟಿಲಲ್ಲಿ ಸೌಮ್ಯವಾದದ್ದು, ಹೈಡ್ರೋಕಾರ್ಟಿಸೋನ್ 1%. ಅದರ ಮೇಲೆ ಮಧ್ಯಮ, ಕ್ಲೋಬೆಟಸೋನ್ 0.05%. ಮೂರನೆಯದು ಬಲವಾದದ್ದು, ಬೀಟಾಮೆಥಸೋನ್ ವಾಲರೇಟ್ 0.1%, ಮೊಮೆಟಸೋನ್ 0.1%. ತುದಿಯಲ್ಲಿ ಅತಿ ಬಲವಾದದ್ದು, ಕ್ಲೋಬೆಟಸಾಲ್ 0.05%.

ಇಲ್ಲಿ ಎರಡು ಕಡೆ ಜನ ಎಡವುತ್ತಾರೆ. ಒಂದು, ಶೇಕಡಾ ಅಂಕಿ. ಹೈಡ್ರೋಕಾರ್ಟಿಸೋನ್ 1%, ಕ್ಲೋಬೆಟಸಾಲ್ 0.05% ಎಂದು ಓದಿದ ಯಾರಿಗಾದರೂ ಎರಡನೆಯದು ಸೌಮ್ಯ ಅನ್ನಿಸುವುದು ಸಹಜ. ಇರುವುದು ತಿರುವುಮುರುವು. ಬೇರೆ ಬೇರೆ ಔಷಧಗಳ ಶೇಕಡಾವನ್ನು ಒಂದಕ್ಕೊಂದು ಹೋಲಿಸುವಂತೆಯೇ ಇಲ್ಲ. ಕ್ಲೋಬೆಟಸಾಲ್‌ನ ಆ ಪುಟ್ಟ 0.05%, ಹೈಡ್ರೋಕಾರ್ಟಿಸೋನ್‌ನ 1%ಕ್ಕಿಂತ ನೂರಾರು ಪಟ್ಟು ಬಲವುಳ್ಳದ್ದು. ಇನ್ನೊಂದು, ಹೆಸರುಗಳ ಹೋಲಿಕೆ. ಕ್ಲೋಬೆಟಸೋನ್ ಮಧ್ಯಮ, ಕ್ಲೋಬೆಟಸಾಲ್ ಅತಿ ಬಲ. ಕೊನೆಯ ಅಕ್ಷರ 'ನ್' ಇದೆಯೋ 'ಲ್' ಇದೆಯೋ ಎಂದು ಬೆರಳಿಟ್ಟು ನೋಡಿ. ಮಗುವಿನ ಕೆನ್ನೆಯ ಮಟ್ಟಿಗೆ ಆ ಒಂದು ಅಕ್ಷರದ ವ್ಯತ್ಯಾಸ ಬಹಳ ದೊಡ್ಡದು.

ಆಮೇಲೆ, ಟ್ಯೂಬಿನಲ್ಲಿ ಎಷ್ಟು ಔಷಧಗಳಿವೆ ಎಂದು ಎಣಿಸಿ. ನಮ್ಮ ಅಂಗಡಿಗಳಲ್ಲಿ ಅತಿ ಹೆಚ್ಚು ಸಿಗುವುದು ಬೆರಕೆ ಮುಲಾಮುಗಳು: ಒಂದು ಬಲವಾದ ಸ್ಟೀರಾಯ್ಡ್, ಜೊತೆಗೆ ಶಿಲೀಂಧ್ರಕ್ಕೊಂದು ಔಷಧ, ಬ್ಯಾಕ್ಟೀರಿಯಾಕ್ಕೆ ಒಂದೋ ಎರಡೋ. ತುರಿಕೆಗೂ ಅದೇ, ಗಾಯಕ್ಕೂ ಅದೇ, ಹುಳುಕಡ್ಡಿಗೂ ಅದೇ ಎಂದು ಕೊಡುತ್ತಾರೆ. ಇನ್ನೊಂದು ಬೆರಕೆ, ಮುಖದ ಮೇಲಿನ ಕಂದು ಕಲೆಗೆ, ಅಂದರೆ ಬಂಗಿಗೆಂದು ಕೊಡುವ ಮೊಮೆಟಸೋನ್, ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಸೇರಿದ ಮುಲಾಮು. ವೈದ್ಯರು ಕೆಲವೇ ವಾರಗಳ ಮಟ್ಟಿಗೆ ಬರೆಯುವ ಔಷಧವಿದು. ಅದು ಬೆಳ್ಳಗಾಗುವ ಕ್ರೀಮ್ ಎಂಬ ಹೆಸರಿನಲ್ಲಿ ಅಕ್ಕನಿಂದ ತಂಗಿಗೆ, ಹಾಸ್ಟೆಲಿನ ಒಂದು ಕೋಣೆಯಿಂದ ಇನ್ನೊಂದಕ್ಕೆ ದಾಟುತ್ತಾ ಹೋಗುತ್ತದೆ.

2018ರ ಮಾರ್ಚ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ಶೆಡ್ಯೂಲ್ ಎಚ್ ಪಟ್ಟಿಗೆ ತಂದಿತು. ವೈದ್ಯರ ಚೀಟಿ ಇಲ್ಲದೆ ಮಾರಬಾರದ ಔಷಧಗಳ ಪಟ್ಟಿ ಅದು. ಆದರೂ ಕೇಳಿದ ಕೂಡಲೇ ಕೊಡುವ ಅಂಗಡಿಗಳು ಇವತ್ತಿಗೂ ಇವೆ. ಹಾಗಾಗಿ ಟ್ಯೂಬು ಓದುವ ಕೆಲಸ ನಿಮ್ಮ ಮೇಲೇ ಬಿದ್ದಿದೆ.

2. ಇದು ಸ್ಟೀರಾಯ್ಡ್‌ಗೆ ಬಗ್ಗುವ ಕಾಯಿಲೆಯೇ ನೋಡಿ

ಸ್ಟೀರಾಯ್ಡ್ ಮಾಡುವುದು ಒಂದೇ ಕೆಲಸ. ಚರ್ಮದ ಉರಿಯೂತವನ್ನು, ಅಂದರೆ ಕೆಂಪಾಗಿ ಊದಿಕೊಂಡು ತುರಿಸುವ ಆ ಕೆರಳಿಕೆಯನ್ನು, ತಣಿಸುತ್ತದೆ. ಇಸುಬಿನಂಥ (ಎಕ್ಸಿಮಾ) ಕಾಯಿಲೆಯಲ್ಲಿ ಕೆರಳಿಕೆಯೇ ಕಾಯಿಲೆ, ಆದ್ದರಿಂದ ಅಲ್ಲಿ ಇದು ಒಳ್ಳೆಯ ಔಷಧ. ಹುಳುಕಡ್ಡಿಯಲ್ಲಿ ಕಾಯಿಲೆ ಶಿಲೀಂಧ್ರದ್ದು. ಕೆರಳಿಕೆ ಎಂದರೆ ಮೈ ಅದರ ಜೊತೆ ಹೋರಾಡುತ್ತಿರುವ ಗುರುತು. ಅಲ್ಲಿ ಸ್ಟೀರಾಯ್ಡ್ ಹಚ್ಚಿದರೆ ಹೋರಾಡುವವರ ಕೈ ಕಟ್ಟಿದಂತೆ. ಎರಡೇ ದಿನದಲ್ಲಿ ತುರಿಕೆ ನಿಲ್ಲುತ್ತದೆ, ಕೆಂಪು ಇಳಿಯುತ್ತದೆ, ಔಷಧ ಹಿಡಿಯಿತು ಎಂದು ಎಲ್ಲರಿಗೂ ಖುಷಿ. ಅಡಿಯಲ್ಲಿ ಶಿಲೀಂಧ್ರ ನೆಮ್ಮದಿಯಾಗಿ ಹರಡುತ್ತಿರುತ್ತದೆ. ಮುಲಾಮು ನಿಲ್ಲಿಸಿದ ವಾರದೊಳಗೆ ಮೊದಲಿಗಿಂತ ದೊಡ್ಡದಾಗಿ ಏಳುತ್ತದೆ, ಮತ್ತೆ ಅದೇ ಟ್ಯೂಬು. ಸೊಂಟದ ಉಡುದಾರದ ಜಾಗದಲ್ಲಿ ರೂಪಾಯಿ ಬಿಲ್ಲೆಯಷ್ಟಿದ್ದದ್ದು ಹೊಟ್ಟೆ, ತೊಡೆ, ಪೃಷ್ಠಕ್ಕೆಲ್ಲ ಹರಡಿಕೊಂಡು, ಕೊನೆಗೆ ತಿಂಗಳುಗಟ್ಟಲೆ ಮಾತ್ರೆ ನುಂಗಬೇಕಾದವರನ್ನು ನಾವು ದಿನವೂ ನೋಡುತ್ತೇವೆ.

ಮಾಮೂಲಿ ಹುಳುಕಡ್ಡಿಯನ್ನು ಗುರುತಿಸುವುದು ಕಷ್ಟವಲ್ಲ. ಅಂಚು ಉಬ್ಬಿ ಕೆಂಪಾಗಿ ಬಳೆಯಂತೆ ಸುತ್ತಿರುತ್ತದೆ, ನಡುವೆ ಚರ್ಮ ಸ್ವಲ್ಪ ತಿಳಿಯಾಗಿರುತ್ತದೆ, ಬಳೆ ದಿನದಿನಕ್ಕೆ ಅಗಲವಾಗುತ್ತದೆ, ಮನೆಯಲ್ಲಿ ಇನ್ನೊಬ್ಬರಿಗೂ ಇರುತ್ತದೆ. ತೊಡೆಸಂದಿಯಲ್ಲಿ ತುರಿಕೆ ಬಂದರೆ, ಅದರಲ್ಲೂ ಕರಾವಳಿಯ ಸೆಕೆಯಲ್ಲಿ ಬೆವರಿ ಬಂದದ್ದಾದರೆ, ಬೇರೆ ಎಂದು ಗೊತ್ತಾಗುವವರೆಗೂ ಶಿಲೀಂಧ್ರವೆಂದೇ ಅನುಮಾನಿಸಿ. ಸ್ಟೀರಾಯ್ಡ್ ಈಗಾಗಲೇ ಹಚ್ಚಿದ್ದರೆ ಮಾತ್ರ ಈ ಬಳೆಯ ಗುರುತು ಅಳಿಸಿಹೋಗುತ್ತದೆ ಅಥವಾ ಬಳೆಯೊಳಗೆ ಬಳೆ ಕಾಣುತ್ತದೆ. ಆಗ ವೈದ್ಯರೇ ಮೇಲಿನ ಹೊಟ್ಟನ್ನು ಕೆರೆದು ಪರೀಕ್ಷಿಸಬೇಕಾಗುತ್ತದೆ. ಅಲ್ಲಿಗೆ ಹೋದಾಗ ಏನು ಹಚ್ಚುತ್ತಿದ್ದಿರಿ ಎಂಬುದನ್ನು ಮುಚ್ಚಿಡಬೇಡಿ, ಖಾಲಿ ಟ್ಯೂಬನ್ನೇ ತೆಗೆದುಕೊಂಡು ಹೋಗಿ.

ಮೊಡವೆಗೂ ಸ್ಟೀರಾಯ್ಡ್ ಬೇಡ. ಕೀವು ತುಂಬಿದ ಗುಳ್ಳೆ, ಜೇನಿನ ಬಣ್ಣದ ಹಕ್ಕಳೆ ಕಟ್ಟಿದ ಹುಣ್ಣು, ಸೀತಾಳೆ ಸಿಡುಬಿನ ಗುಳ್ಳೆಗಳ ಮೇಲೂ ಬೇಡ.

3. ಜಾಗಕ್ಕೆ ತಕ್ಕ ಬಲ

ನಮ್ಮ ಚರ್ಮ ಎಲ್ಲ ಕಡೆ ಒಂದೇ ದಪ್ಪವಿಲ್ಲ. 1967ರಲ್ಲಿ ಫೆಲ್ಡ್‌ಮನ್ ಮತ್ತು ಮೈಬಾಕ್ ಎಂಬ ಇಬ್ಬರು ಅಮೆರಿಕದಲ್ಲಿ ಹೈಡ್ರೋಕಾರ್ಟಿಸೋನನ್ನು ಮೈಯ ಬೇರೆ ಬೇರೆ ಕಡೆ ಹಚ್ಚಿ, ಎಷ್ಟು ಒಳಗೆ ಹೋಯಿತೆಂದು ಅಳೆದರು. ಮುಂಗೈಯಲ್ಲಿ ಒಂದು ಪಾಲು ಒಳಗೆ ಹೋದರೆ ಹಣೆಯಲ್ಲಿ 6 ಪಾಲು, ದವಡೆಯ ಬಳಿ 13 ಪಾಲು, ಗಂಡಸರ ವೃಷಣದ ಚರ್ಮದಲ್ಲಿ 42 ಪಾಲು. ಅಂಗಾಲಲ್ಲಿ ಒಂದು ಪಾಲಿನ ಏಳನೆಯ ಒಂದರಷ್ಟೂ ಸರಿಯಾಗಿ ಇಲ್ಲ. ಅಂಗಾಲಿಗೆ ಬರೆದುಕೊಟ್ಟ ಮುಲಾಮನ್ನು ಉಳಿದಿದೆಯೆಂದು ಕೆನ್ನೆಗೆ ಹಚ್ಚಿದರೆ ಏನಾಗುತ್ತದೆಂದು ಈ ಅಂಕಿಗಳೇ ಹೇಳುತ್ತವೆ.

ಸಂದಿಗಳಲ್ಲಿ ಇನ್ನೊಂದು ತೊಡಕಿದೆ. ಕಂಕುಳಲ್ಲಿ, ತೊಡೆಸಂದಿಯಲ್ಲಿ, ಸ್ತನದ ಕೆಳಗೆ ಚರ್ಮ ಚರ್ಮಕ್ಕೆ ಅಂಟಿ ಬೆವರಿನಲ್ಲಿ ನೆನೆದಿರುತ್ತದೆ. ಹಚ್ಚಿದ ಮುಲಾಮಿನ ಮೇಲೆ ಪ್ಲಾಸ್ಟಿಕ್ ಸುತ್ತಿದಂತೆ ಅದು. ಒಳಗೆ ಇಳಿಯುವ ಪ್ರಮಾಣ ಹೆಚ್ಚುತ್ತದೆ. ಮಗುವಿನ ಡಯಾಪರ್ ಮಾಡುವುದೂ ಇದನ್ನೇ.

ಹೀಗಾಗಿ ನಿಯಮ ಇಷ್ಟು. ಮುಖ ಮತ್ತು ಕುತ್ತಿಗೆಗೆ ಸೌಮ್ಯವಾದದ್ದು ಮಾತ್ರ. ಇಸುಬು ಬಹಳ ಕೆರಳಿದ್ದರೆ ವೈದ್ಯರು ಮಧ್ಯಮ ಬಲದ್ದನ್ನು 3ರಿಂದ 5 ದಿನದ ಮಟ್ಟಿಗೆ ಬರೆಯಬಹುದು. ಕಂಕುಳು, ತೊಡೆಸಂದಿಗೆ ಸೌಮ್ಯದಿಂದ ಶುರು. ಅದಕ್ಕಿಂತ ಬಲವಾದದ್ದು ಬೇಕಾದರೆ ವೈದ್ಯರು ಹೇಳಿದ 7ರಿಂದ 14 ದಿನ, ಅಷ್ಟಕ್ಕೇ ನಿಲ್ಲಿಸಬೇಕು. ಮಕ್ಕಳಿಗೆ ಕ್ಲೋಬೆಟಸಾಲನ್ನು ಚರ್ಮರೋಗ ತಜ್ಞರು ಕಣ್ಣಾರೆ ನೋಡಿ ಬರೆಯದ ಹೊರತು ಹಚ್ಚಲೇಬೇಡಿ. ಮೊಣಕೈಯ ಒಳಮಡಿಕೆ, ಮೊಣಕಾಲ ಹಿಂದಿನ ಮಡಿಕೆಗಳನ್ನು ಹಲವರು ಸಂದಿಗಳೊಂದಿಗೆ ಸೇರಿಸಿ ಹೆದರುತ್ತಾರೆ. ಅವು ಕಂಕುಳಿನಷ್ಟು ಸೂಕ್ಷ್ಮವಲ್ಲ. ಇಸುಬಿಗೆ ಅಲ್ಲಿ ಸಾಮಾನ್ಯವಾಗಿ ಮಧ್ಯಮ ಬಲದ ಮುಲಾಮೇ ಬೇಕಾಗುತ್ತದೆ.

ಕಣ್ಣುರೆಪ್ಪೆಯ ಚರ್ಮ ಇಡೀ ಮೈಯಲ್ಲೇ ತೆಳು. ಅಲ್ಲಿ ವಾರಗಟ್ಟಲೆ ಸ್ಟೀರಾಯ್ಡ್ ಹಚ್ಚಿದರೆ ಅದು ಕಣ್ಣಿಗೂ ತಲುಪಿ ಕಣ್ಣೊಳಗಿನ ಒತ್ತಡ ಏರಿಸಬಹುದು, ಪೊರೆ ತರಿಸಬಹುದು. ಒತ್ತಡ ಏರುವಾಗ ನೋವೇನೂ ಇರುವುದಿಲ್ಲ, ಅದಕ್ಕೇ ಅದು ಅಪಾಯ. ರೆಪ್ಪೆಗೆ ನೀವಾಗಿಯೇ ಯಾವ ಸ್ಟೀರಾಯ್ಡನ್ನೂ ಹಚ್ಚಬೇಡಿ, ಸೌಮ್ಯವಾದದ್ದನ್ನೂ.

4. ಬೆರಳಲ್ಲಿ ಅಳೆಯಿರಿ

1991ರಲ್ಲಿ ಬ್ರಿಟನ್ನಿನ ಇಬ್ಬರು ವೈದ್ಯರು, ಲಾಂಗ್ ಮತ್ತು ಫಿನ್ಲೆ, ಒಂದು ಸುಲಭದ ಅಳತೆ ಕೊಟ್ಟರು. ಇವತ್ತಿಗೂ ಜಗತ್ತಿನಾದ್ಯಂತ ಚರ್ಮದ ವೈದ್ಯರು ಅದನ್ನೇ ಹೇಳಿಕೊಡುತ್ತಾರೆ. ಇಲ್ಲಿ ಅದನ್ನು ಬೆರಳಳತೆ ಎಂದು ಕರೆಯೋಣ.

ದೊಡ್ಡವರ ತೋರುಬೆರಳನ್ನು ಒಳಭಾಗ ಮೇಲೆ ಬರುವಂತೆ ಚಾಚಿ. ಬೆರಳ ತುದಿಯಿಂದ ಮೊದಲ ಗೆಣ್ಣಿನ ಗೆರೆಯವರೆಗೆ ಟ್ಯೂಬಿನಿಂದ ಒಂದು ಎಳೆ ಹಿಂಡಿ. ಅದು ಒಂದು ಬೆರಳಳತೆ, ತೂಕದಲ್ಲಿ ಸುಮಾರು ಅರ್ಧ ಗ್ರಾಂ. ಅಷ್ಟು ಮುಲಾಮು ದೊಡ್ಡವರ ಎರಡು ಅಂಗೈಯಷ್ಟು ಜಾಗಕ್ಕೆ ಸಾಕು. ಅಂಗೈ ಎಂದರೆ ಬೆರಳುಗಳನ್ನು ಜೋಡಿಸಿ ಹಿಡಿದಾಗ ಬೆರಳೂ ಸೇರಿದ ಪೂರ್ತಿ ಅಂಗೈ. ನೆನಪಿಡಬೇಕಾದದ್ದು ಇದೊಂದೇ: ಎರಡು ಅಂಗೈಗೆ ಒಂದು ಬೆರಳಳತೆ.

ಮಗುವಿಗೆ ಹಚ್ಚುವಾಗ ಯಾರ ಬೆರಳು? ಈ ಪ್ರಶ್ನೆಗೆ ಉತ್ತರ ತಪ್ಪಾಗಿ ತಿಳಿದವರೇ ಹೆಚ್ಚು. ಬೆರಳೂ ನಿಮ್ಮದೇ, ಅಂಗೈಯೂ ನಿಮ್ಮದೇ. ಮಗುವಿನ ಮೈಮೇಲೆ ಕೆಂಪಾದ ಜಾಗದ ಮೇಲೆ ನಿಮ್ಮ ಅಂಗೈಯನ್ನು, ಮುಟ್ಟದೆ, ಸ್ವಲ್ಪ ಎತ್ತರದಲ್ಲಿ ಹಿಡಿದು ಎಷ್ಟು ಅಂಗೈ ಆಗುತ್ತದೆಂದು ನೋಡಿ. ನಿಮ್ಮ ಅಂಗೈಯಲ್ಲಿ ಅಳೆದು, ನಿಮ್ಮ ಬೆರಳಲ್ಲಿ ಹಿಂಡಿದರೆ ಲೆಕ್ಕ ತಾನಾಗಿಯೇ ಸರಿಹೋಗುತ್ತದೆ. ನಿಮ್ಮ ಅಂಗೈಯಲ್ಲಿ ಅಳೆದು ಮಗುವಿನ ಬೆರಳಲ್ಲಿ ಹಿಂಡಿದರೆ ಮಾತ್ರ ಬಹಳ ಕಡಿಮೆಯಾಗುತ್ತದೆ.

ಒಂದು ಭಾಗ ಪೂರ್ತಿ ಇಸುಬಾಗಿದ್ದರೆ ಅಂಗೈ ಎಣಿಸುತ್ತ ಕೂರಬೇಕಿಲ್ಲ. ದೊಡ್ಡವರ ಮುಖ ಮತ್ತು ಕುತ್ತಿಗೆ ಪೂರ್ತಿಗೆ ಎರಡೂವರೆ ಬೆರಳಳತೆ, ಒಂದು ಹಸ್ತದ ಎರಡೂ ಬದಿಗೆ ಒಂದು. ಮೂರರಿಂದ ಐದು ವರ್ಷದ ಮಗುವಿನ ಮುಖ ಮತ್ತು ಕುತ್ತಿಗೆಗೆ ಒಂದೂವರೆ, ಹಸ್ತ ಸೇರಿ ಒಂದು ತೋಳಿಗೆ ಎರಡು, ಪಾದ ಸೇರಿ ಒಂದು ಕಾಲಿಗೆ ಮೂರು. ಆರು ತಿಂಗಳೊಳಗಿನ ಕೂಸಿನ ಮುಖ ಮತ್ತು ಕುತ್ತಿಗೆಗೆ ಒಂದು. ಆದರೆ ಇವು ಆ ಭಾಗ ಇಡಿಯಾಗಿ ಕೆರಳಿದ್ದಾಗಿನ ಲೆಕ್ಕ. ಎರಡು ಕೆನ್ನೆ ಮಾತ್ರ ಕೆಂಪಾಗಿದ್ದರೆ ಇಡೀ ಮುಖದ ಅಳತೆ ಹಿಂಡಬೇಡಿ. ಸ್ಟೀರಾಯ್ಡ್ ಹಚ್ಚುವುದು ಕೆರಳಿದ ಜಾಗಕ್ಕೆ ಮಾತ್ರ.

ಒಂದು ಎಚ್ಚರ. ಈ ಅಳತೆಯನ್ನು 5 ಮಿಲಿಮೀಟರ್ ಅಗಲದ ಬಾಯಿಯ ಟ್ಯೂಬಿಗೆ ಮಾಡಿದ್ದು. ನಮ್ಮಲ್ಲಿ ಸಿಗುವ ಸಣ್ಣ ಟ್ಯೂಬುಗಳ ಬಾಯಿ ಕೆಲವೊಮ್ಮೆ ಅದಕ್ಕಿಂತ ಕಿರಿದು, ಎಳೆಯೂ ಸಣ್ಣಗೆ ಬರುತ್ತದೆ. ಪರೀಕ್ಷಿಸುವುದು ಸುಲಭ: 15 ಗ್ರಾಂ ಟ್ಯೂಬಿನಲ್ಲಿ ಸುಮಾರು 30 ಬೆರಳಳತೆ ಇರಬೇಕು. ಐವತ್ತು ಸಲ ಹಿಂಡಿದರೂ ಮುಗಿಯದಿದ್ದರೆ ನಿಮ್ಮ ಎಳೆ ಸಣ್ಣದು, ಮುಂದಿನ ಸಲ ಸ್ವಲ್ಪ ದಪ್ಪಗೆ ಹಿಂಡಿ.

5. ಒಂದು ಲೆಕ್ಕ ಮಾಡಿ ನೋಡೋಣ

ನಾಲ್ಕು ವರ್ಷದ ಹುಡುಗ. ಚಳಿಗಾಲ ಬಂದಂತೆ ಇಸುಬು ಕೆರಳಿದೆ. ಎರಡೂ ಮೊಣಕೈಯ ಒಳಮಡಿಕೆ, ಎರಡೂ ಮೊಣಕಾಲ ಹಿಂಭಾಗ ಕೆಂಪಾಗಿ ಒರಟಾಗಿದೆ, ಎರಡು ಕೆನ್ನೆಯೂ ಕೆಂಪು. ವೈದ್ಯರು ಕೈಕಾಲಿಗೆ ಕ್ಲೋಬೆಟಸೋನ್ 0.05%, ಕೆನ್ನೆಗೆ ಹೈಡ್ರೋಕಾರ್ಟಿಸೋನ್ 1%, ಎರಡನ್ನೂ ದಿನಕ್ಕೊಂದು ಸಲ, ಜೊತೆಗೆ ಮೈಗೆಲ್ಲ ತೇವ ಹಿಡಿಯುವ ಕ್ರೀಮು ಬರೆದಿದ್ದಾರೆ ಅಂದುಕೊಳ್ಳಿ.

ತಾಯಿ ತನ್ನ ಅಂಗೈ ಹಿಡಿದು ನೋಡುತ್ತಾಳೆ. ಪ್ರತಿ ಮಡಿಕೆಯಲ್ಲಿ ಅರ್ಧ ಅಂಗೈಯಷ್ಟು ಜಾಗ. ನಾಲ್ಕು ಮಡಿಕೆ ಸೇರಿ ಎರಡು ಅಂಗೈ. ಅಂದರೆ ದಿನಕ್ಕೆ ಒಂದು ಬೆರಳಳತೆ, ಅದನ್ನು ನಾಲ್ಕು ಪಾಲು ಮಾಡಿ ಒಂದೊಂದು ಮಡಿಕೆಗೆ ಒಂದೊಂದು ಪಾಲು. ಎರಡು ಕೆನ್ನೆ ಸೇರಿ ಅರ್ಧ ಅಂಗೈ, ಅದಕ್ಕೆ ಕಾಲು ಬೆರಳಳತೆ, ಅಂದರೆ ಗೆಣ್ಣಿನ ಉದ್ದದ ಕಾಲುಭಾಗದಷ್ಟು ಎಳೆ.

ಮಡಿಕೆಗಳಿಗೆ ಹತ್ತು ದಿನ ಹಚ್ಚಿದರೆ ಹತ್ತು ಬೆರಳಳತೆ, 5 ಗ್ರಾಂ. 15 ಗ್ರಾಂ ಟ್ಯೂಬಿನಲ್ಲಿ ಮೂರನೆಯ ಎರಡು ಪಾಲು ಹಾಗೇ ಉಳಿಯಬೇಕು. ಕೆನ್ನೆಗೆ ಐದು ದಿನ ಹಚ್ಚಿದರೆ ಒಂದು ಗ್ರಾಂ ಕೂಡ ಖರ್ಚಾಗುವುದಿಲ್ಲ. ಈ ಅಂಕಿಗಳಿಂದ ಒಂದು ಒಳ್ಳೆಯ ಉಪಯೋಗವಿದೆ. ಹತ್ತು ದಿನಕ್ಕೆ ಟ್ಯೂಬು ಪೂರ್ತಿ ಖಾಲಿಯಾಗಿದ್ದರೆ ತಾಯಿ ಮೂರು ಪಟ್ಟು ಹಚ್ಚುತ್ತಿದ್ದಾಳೆ, ಅಥವಾ ಸ್ಟೀರಾಯ್ಡನ್ನೇ ಮೈಗೆಲ್ಲ ಸವರುತ್ತಿದ್ದಾಳೆ. ಟ್ಯೂಬು ಹೊಸದರಂತೆಯೇ ಉಬ್ಬಿಕೊಂಡಿದ್ದು ಇಸುಬು ಇಳಿಯದಿದ್ದರೆ, ಔಷಧ ಹಿಡಿಯಲಿಲ್ಲ ಎಂದು ಬಲವಾದದ್ದಕ್ಕೆ ಹಾರಬೇಡಿ. ಹಚ್ಚಿದ್ದೇ ಸಾಲದು.

ಆ ಎರಡನೆಯ ತಪ್ಪಿನ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಹೆದರಿಕೆಯಿಂದ ಕಡಿಮೆ ಹಚ್ಚಿದ ಮಗು ಹತ್ತು ದಿನದಲ್ಲಿ ಮುಗಿಯಬೇಕಾದದ್ದನ್ನು ಮೂರು ತಿಂಗಳು ಅನುಭವಿಸುತ್ತದೆ. ಕೆರೆದು ಕೆರೆದು ಚರ್ಮ ದಪ್ಪಗಾಗುತ್ತದೆ, ಗಾಯವಾಗಿ ಕೀವಾಗುತ್ತದೆ, ನಿದ್ದೆಯಿಲ್ಲ. ಕೊನೆಗೆ ಹೆಚ್ಚು ಬಲದ ಸ್ಟೀರಾಯ್ಡೇ ಬೇಕಾಗಿ ಬರುತ್ತದೆ. ಸೌಮ್ಯವಾದ ಮುಲಾಮನ್ನು ಸರಿಯಾದ ಅಳತೆಯಲ್ಲಿ ಹತ್ತು ದಿನ ಹಚ್ಚುವುದರಿಂದ ಮಗುವಿನ ಬೆಳವಣಿಗೆ ಕುಂಠಿತವಾಗುವುದಿಲ್ಲ, ಚರ್ಮವೂ ತೆಳುವಾಗುವುದಿಲ್ಲ.

6. ಹಚ್ಚುವ ಕ್ರಮ

ಸಂಜೆ ಸ್ನಾನದ ನಂತರದ ಹೊತ್ತು ಒಳ್ಳೆಯದು. ಬಿಸಿ ಬೇಡ, ಉಗುರುಬೆಚ್ಚಗಿನ ನೀರು. ಮೈಯನ್ನು ಉಜ್ಜದೆ ಒತ್ತಿ ಒರೆಸಿ. ಎಳೆಯನ್ನು ಕೆರಳಿದ ಜಾಗದ ಮೇಲೆ ಅಲ್ಲಲ್ಲಿ ಚುಕ್ಕಿಯಿಟ್ಟು, ಕೂದಲು ಬೆಳೆಯುವ ದಿಕ್ಕಿನಲ್ಲಿ ಹಗುರವಾಗಿ ಹರಡಿ. ಚರ್ಮ ಸ್ವಲ್ಪ ಹೊಳೆಯುವಷ್ಟು ಕಂಡರೆ ಸರಿ. ಬೆಳ್ಳಗೆ ಮೆತ್ತಿಕೊಂಡಿದ್ದರೆ ಹೆಚ್ಚಾಯಿತು. ತಿಕ್ಕಿ ತಿಕ್ಕಿ ಇಳಿಸಬೇಕಿಲ್ಲ.

ದಿನಕ್ಕೆ ಒಂದು ಸಲ ಸಾಕು. ವೈದ್ಯರು ಎರಡು ಸಲ ಬರೆದಿದ್ದರೆ ಎರಡು, ಅದಕ್ಕಿಂತ ಹೆಚ್ಚು ಹಚ್ಚಿದರೆ ಗುಣ ಹೆಚ್ಚುವುದಿಲ್ಲ, ಹಾನಿ ಹೆಚ್ಚುತ್ತದೆ.

ತೇವ ಹಿಡಿಯುವ ಕ್ರೀಮಿಗೂ ಸ್ಟೀರಾಯ್ಡಿಗೂ ನಡುವೆ ಅರ್ಧ ಗಂಟೆ ಅಂತರ ಇಡಿ. ಮೊದಲು ಯಾವುದು ಎಂಬುದು ಅಷ್ಟು ಮುಖ್ಯವಲ್ಲ, ಎರಡನ್ನೂ ಕಲಸಿ ಹಚ್ಚಬಾರದು ಎಂಬುದು ಮುಖ್ಯ. ಕಲಸಿದರೆ ಸ್ಟೀರಾಯ್ಡ್ ಬೇಡದ ಜಾಗಕ್ಕೂ ಹರಡುತ್ತದೆ, ಬೇಕಾದ ಜಾಗದಲ್ಲಿ ತೆಳುವಾಗುತ್ತದೆ. ಪ್ರಮಾಣದ ಅಂತರವನ್ನೂ ನೋಡಿ: ಮೈತುಂಬ ಇಸುಬಿರುವ ಮಗುವಿಗೆ ತೇವದ ಕ್ರೀಮು ವಾರಕ್ಕೆ 250 ಗ್ರಾಂವರೆಗೂ ಬೇಕಾಗುತ್ತದೆ. ಸ್ಟೀರಾಯ್ಡ್ ಬೇಕಾಗುವುದು ಕೆಲವೇ ಗ್ರಾಂ. ನಮ್ಮ ಮನೆಗಳಲ್ಲಿ ಇದು ಅದಲುಬದಲಾಗಿದೆ.

ಹಚ್ಚಿದ ಮೇಲೆ ಕೈ ತೊಳೆಯಿರಿ. ಹಚ್ಚಿದ ಜಾಗಕ್ಕೆ ಬಿಗಿಯಾದ ಬಟ್ಟೆ, ಪ್ಲಾಸ್ಟಿಕ್, ಬ್ಯಾಂಡೇಜು ಸುತ್ತಬೇಡಿ. ಡಯಾಪರ್ ಜಾಗದ ಕೆಂಪಿಗೆ ಮೊದಲ ಔಷಧ ಗಾಳಿ ಮತ್ತು ಒಣ ಬಟ್ಟೆ, ಜೊತೆಗೆ ಜಿಂಕ್ ಆಕ್ಸೈಡ್ ಮುಲಾಮು. ಅಲ್ಲಿ ಸ್ಟೀರಾಯ್ಡ್ ಬೇಕೆನಿಸಿದರೆ ವೈದ್ಯರು ಹೈಡ್ರೋಕಾರ್ಟಿಸೋನ್ 1% ಅನ್ನು ಕೆಲವೇ ದಿನಕ್ಕೆ ಕೊಡುತ್ತಾರೆ. ಸಂದಿಯ ಆಳದಲ್ಲೂ ಕೆಂಪಿದ್ದು, ಅಂಚಿನಾಚೆ ಸಣ್ಣ ಸಣ್ಣ ಕೆಂಪು ಚುಕ್ಕಿಗಳು ಚೆದುರಿದ್ದರೆ ಅದು ಶಿಲೀಂಧ್ರ, ಸ್ಟೀರಾಯ್ಡ್ ಮಾತ್ರ ಹಚ್ಚಿದರೆ ಹದಗೆಡುತ್ತದೆ.

7. ಯಾವಾಗ ನಿಲ್ಲಿಸಬೇಕು

ಕೆಂಪು ಇಳಿದ ದಿನವೇ ನಿಲ್ಲಿಸಿ ಎರಡು ದಿನಕ್ಕೆ ಮತ್ತೆ ಬಂತೆನ್ನುವವರು ಬಹಳ. ನಮ್ಮ ಮೈಬಣ್ಣದಲ್ಲಿ ಕೆಂಪು ಸರಿಯಾಗಿ ಕಾಣುವುದೂ ಇಲ್ಲ, ಕಂದು ಅಥವಾ ನೇರಳೆಯಂತೆ ಕಾಣುತ್ತದೆ. ಕಣ್ಣು ಮುಚ್ಚಿ ಬೆರಳಾಡಿಸಿ ನೋಡಿ. ಒರಟು, ಗಂಟು ಹೋಗಿ ಪಕ್ಕದ ಚರ್ಮದಷ್ಟೇ ನಯವಾಗಿದ್ದರೆ, ತುರಿಕೆಯೂ ಇಲ್ಲದಿದ್ದರೆ ನಿಲ್ಲಿಸುವ ಹೊತ್ತು. ಉಳಿದ ಕಪ್ಪು ಅಥವಾ ಬಿಳಿಚಿದ ಕಲೆ ಇಸುಬಲ್ಲ. ಅದು ತಿಂಗಳುಗಳಲ್ಲಿ ತಾನೇ ಹೋಗುತ್ತದೆ, ಅದನ್ನು ಅಳಿಸಲೆಂದು ಸ್ಟೀರಾಯ್ಡ್ ಮುಂದುವರಿಸಬೇಡಿ.

ವೈದ್ಯರು ಹೇಳಿದ ಗಡುವಿನೊಳಗೆ ನಯವಾಗದಿದ್ದರೆ ಗಡುವನ್ನು ನೀವೇ ಹಿಗ್ಗಿಸದೆ ತಿರುಗಿ ತೋರಿಸಿ. ತಿಂಗಳಿಗೆ ಎರಡು ಮೂರು ಸಲ ಕೆರಳುವ ಇಸುಬಿಗೆ, ಗುಣವಾದ ಮೇಲೂ ವಾರದಲ್ಲಿ ಎರಡು ದಿನ ಮಾತ್ರ ಅದೇ ಜಾಗಕ್ಕೆ ಹಚ್ಚುವ ಕ್ರಮವೊಂದಿದೆ. ಮುಖ, ಸಂದಿಗಳಲ್ಲಿ ಪದೇ ಪದೇ ಬಂದರೆ ಸ್ಟೀರಾಯ್ಡ್ ಅಲ್ಲದ ಟ್ಯಾಕ್ರೋಲಿಮಸ್ ಎಂಬ ಮುಲಾಮೂ ಇದೆ. ಅದು ಚರ್ಮವನ್ನು ತೆಳುವಾಗಿಸುವುದಿಲ್ಲ. ಎರಡು ವರ್ಷ ದಾಟಿದ ಮಕ್ಕಳಿಗೆ 0.03% ಬಳಸುತ್ತಾರೆ. ಮೊದಲ ಕೆಲವು ದಿನ ಉರಿಯುತ್ತದೆ, ಅಲರ್ಜಿಯೆಂದು ಹೆದರಿ ಬಿಡುವವರು ಅನೇಕ. ಇವೆರಡನ್ನೂ ವೈದ್ಯರೊಂದಿಗೆ ಮಾತಾಡಿಯೇ ಶುರುಮಾಡಿ.

8. ಹಾನಿಯ ಗುರುತುಗಳು

ಮುಖದಲ್ಲಿ ಮೊದಲು ಕಾಣುವುದು ಬಿಸಿಲಿಗೆ, ಒಲೆಯ ಮುಂದೆ ನಿಂತರೆ ಉರಿದು ಕೆಂಪಾಗುವುದು. ಆಮೇಲೆ ಕೆನ್ನೆಯಲ್ಲಿ ಕೆಂಪು ದಾರದಂಥ ಸಣ್ಣ ರಕ್ತನಾಳಗಳು, ಮೊಡವೆಗಳು, ಹೆಂಗಸರಲ್ಲಿ ಗಲ್ಲದ ಮೇಲೆ ಕೂದಲು. ಬಾಯಿಯ ಸುತ್ತ ಸಣ್ಣ ಕೆಂಪು ಗುಳ್ಳೆಗಳೆದ್ದು ತುಟಿಯ ಅಂಚಿಗೆ ಒಂದು ತೆಳು ಪಟ್ಟಿ ಮಾತ್ರ ಬಿಟ್ಟಿದ್ದರೆ ಅದು ಬಹುಮಟ್ಟಿಗೆ ಸ್ಟೀರಾಯ್ಡಿನ ಗುರುತೇ.

ಇಲ್ಲೊಂದು ಬಲೆಯಿದೆ. ತಿಂಗಳುಗಟ್ಟಲೆ ಮುಖಕ್ಕೆ ಹಚ್ಚಿದವರು ಒಂದು ದಿನ ಬಿಟ್ಟರೆ ಎರಡು ಮೂರು ದಿನದಲ್ಲಿ ಮುಖ ಊದಿ, ಕೆಂಡದಂತೆ ಉರಿದು, ಗುಳ್ಳೆ ಏಳುತ್ತದೆ. ಮತ್ತೆ ಹಚ್ಚಿದರೆ ಗಂಟೆಗಳಲ್ಲಿ ಶಮನ. ಮುಲಾಮಿಲ್ಲದೆ ಆಗುವುದೇ ಇಲ್ಲ, ಹಾಗಾದರೆ ನನಗೆ ಇದೇ ಬೇಕು ಎಂದು ತೀರ್ಮಾನಿಸುತ್ತಾರೆ. ನಿಜದಲ್ಲಿ ಅದು ಮುಲಾಮು ತಂದ ಕಾಯಿಲೆ. ಇದರಿಂದ ಹೊರಬರಲು ವಾರಗಳಲ್ಲ, ಕೆಲವರಿಗೆ ತಿಂಗಳುಗಳೇ ಬೇಕು, ಆದರೆ ಬರಬಹುದು. ಒಂಟಿಯಾಗಿ ಹಲ್ಲು ಕಚ್ಚಿ ಸಹಿಸಬೇಡಿ. ಚರ್ಮದ ವೈದ್ಯರು ಬಲ ಇಳಿಸುತ್ತಾ ಬಿಡಿಸುತ್ತಾರೆ, ಉರಿಗೆ ಬೇರೆ ಔಷಧ ಕೊಡುತ್ತಾರೆ. ಆ ಹೊತ್ತಿಗೆ ಮುಖಕ್ಕೆ ನಿಂಬೆ, ಅರಿಸಿನ, ಕಡಲೆಹಿಟ್ಟು, ಪಾರ್ಲರಿನ ಬ್ಲೀಚು ಯಾವುದೂ ಬೇಡ. ಪರಿಮಳವಿಲ್ಲದ ಸಾದಾ ಕ್ರೀಮು, ತಣ್ಣೀರಿನ ಬಟ್ಟೆ, ಬಿಸಿಲಿಗೆ ಕೊಡೆ, ಅಷ್ಟೇ.

ಸಂದಿಗಳಲ್ಲಿ ಕಾಣುವುದು ಗೆರೆಗಳು, ಬಾಣಂತಿಯರ ಹೊಟ್ಟೆಯ ಮೇಲಿರುವಂಥವು. ತೊಡೆಸಂದಿಯಲ್ಲಿ, ಕಂಕುಳಲ್ಲಿ ಮೊದಲು ಕೆಂಪು ನೇರಳೆಯಾಗಿ ಕಂಡು ಆಮೇಲೆ ಬಿಳಿಯಾಗುತ್ತವೆ. ಕೆಂಪು ರಕ್ತನಾಳ, ತೆಳುವಾದ ಚರ್ಮ ಔಷಧ ಬಿಟ್ಟ ಮೇಲೆ ಬಹುಪಾಲು ಸುಧಾರಿಸಬಹುದು. ಈ ಗೆರೆಗಳು ಮಾತ್ರ ಅಳಿಸುವುದಿಲ್ಲ. ಗೆರೆ ಕಾಣುವ ಮೊದಲೇ ಚರ್ಮ ಈರುಳ್ಳಿ ಸಿಪ್ಪೆಯಂತೆ ತೆಳುವಾಗಿ ಸುಕ್ಕಾಗಿ ಹೊಳೆಯುತ್ತದೆ. ನಿಲ್ಲಿಸಬೇಕಾದ ಹೊತ್ತು ಅದೇ.

ಕೂಸುಗಳಲ್ಲಿ ಹಾನಿ ಚರ್ಮಕ್ಕೆ ಮಾತ್ರ ನಿಲ್ಲುವುದಿಲ್ಲ. ತೂಕಕ್ಕೆ ಹೋಲಿಸಿದರೆ ಕೂಸಿನ ಚರ್ಮದ ವಿಸ್ತಾರ ದೊಡ್ಡವರಿಗಿಂತ ಬಹಳ ಹೆಚ್ಚು, ಹಾಗಾಗಿ ಅದೇ ಮುಲಾಮು ರಕ್ತಕ್ಕೆ ಹೆಚ್ಚು ಸೇರುತ್ತದೆ. ಡಯಾಪರ್ ಜಾಗಕ್ಕೆ ತಿಂಗಳುಗಟ್ಟಲೆ ಬಲವಾದ ಸ್ಟೀರಾಯ್ಡ್ ಹಚ್ಚಿದ ಕೂಸಿನ ಮುಖ ಗುಂಡಗಾಗಿ ಕೆನ್ನೆ ತುಂಬಿಕೊಳ್ಳುತ್ತದೆ, ಮೈಮೇಲೆ ಕೂದಲು ಹೆಚ್ಚುತ್ತದೆ, ಉದ್ದ ಬೆಳೆಯುವುದು ನಿಧಾನವಾಗುತ್ತದೆ. ಕೂಸು ಪುಷ್ಟಿಯಾಗಿದೆ ಎಂದು ಮನೆಯವರು ಸಂತೋಷಪಡುತ್ತಿರುತ್ತಾರೆ. ಅಂಥ ಕೂಸಿನ ದೇಹ ತಾನು ತಯಾರಿಸಬೇಕಾದ ಸ್ಟೀರಾಯ್ಡನ್ನು ತಯಾರಿಸುವುದನ್ನೇ ನಿಲ್ಲಿಸಿರಬಹುದು. ಆದ್ದರಿಂದ ಈ ಒಂದು ಸಂದರ್ಭದಲ್ಲಿ ಮುಲಾಮನ್ನು ಮನೆಯಲ್ಲೇ ಏಕಾಏಕಿ ನಿಲ್ಲಿಸಬೇಡಿ. ಟ್ಯೂಬಿನೊಂದಿಗೆ ಅದೇ ದಿನ ಮಕ್ಕಳ ವೈದ್ಯರ ಬಳಿ ಹೋಗಿ. ಕೂಸು ವಾಂತಿ ಮಾಡುತ್ತಿದ್ದರೆ, ಜ್ವರವಿದ್ದರೆ, ಮಂಕಾಗಿ ಹಾಲು ಕುಡಿಯದಿದ್ದರೆ ನೇರ ಆಸ್ಪತ್ರೆಗೆ.

ಇಸುಬಿನ ಮೇಲೆ ಏಕಾಏಕಿ ಒಂದೇ ಗಾತ್ರದ ಸಣ್ಣ ನೀರ್ಗುಳ್ಳೆಗಳು ಗುಂಪಾಗಿ ಎದ್ದು, ಒಡೆದು ತೂತು ಕೊರೆದಂತೆ ಕಂಡು, ನೋವೂ ಜ್ವರವೂ ಇದ್ದರೆ ಅದು ಹರ್ಪಿಸ್ ವೈರಸ್ಸಿನ ಸೋಂಕಿರಬಹುದು. ಆ ಮಗುವಿಗೂ ಅದೇ ದಿನ ಆಸ್ಪತ್ರೆ. ಬೆಳಗಾಗಲಿ ಎಂದು ಕಾಯಬೇಡಿ.

ಈಗ ಎದ್ದು ಹೋಗಿ ನಿಮ್ಮ ಮನೆಯ ಔಷಧದ ಡಬ್ಬಿ ತೆರೆಯಿರಿ. ಅಲ್ಲಿರುವ ಪ್ರತಿ ಟ್ಯೂಬಿನ ಸಣ್ಣ ಅಕ್ಷರ ಓದಿ. ಸ್ಟೀರಾಯ್ಡ್ ಇರುವುದರ ಮೇಲೆ ಮಾಸದ ಪೆನ್ನಿನಲ್ಲಿ ಮೂರು ವಿಷಯ ಬರೆಯಿರಿ: ಯಾರಿಗೆ, ಯಾವ ಜಾಗಕ್ಕೆ, ಯಾವ ತಾರೀಖಿನವರೆಗೆ. ಬರೆಯಲು ಉತ್ತರವಿಲ್ಲದ ಟ್ಯೂಬು ಡಬ್ಬಿಯಲ್ಲಿ ಇರಬಾರದು.